ಕಪ್ಪು ಚಾಕೊಲೇಟಿನೊಳಗೆ ಬಿಳಿ ಹಾಲು

ಹಾಲು ಹಾಕಿದರೆ ಮಿಲ್ಕ್ ಚಾಕೊಲೇಟ್, ಹಾಕದಿದ್ದರೆ ಡಾರ್ಕ್ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಮ್ಮೆ 100 ಡಾರ್ಕ್ ಚಾಕೊಲೇಟುಗಳನ್ನು ಕೊಂಡು ನೋಡಿತು. ಪದಾರ್ಥಗಳ ಪಟ್ಟಿಯಲ್ಲಿ ಹಾಲು ಇದೆ ಎಂದು ಹೇಳಿದ್ದವು ಆರು ಮಾತ್ರ. ಉಳಿದ 94ನ್ನು ಪರೀಕ್ಷಿಸಿದಾಗ 61ರಲ್ಲಿ ಹಾಲು ಸಿಕ್ಕಿತು!

ಇದೆಲ್ಲ ಮೋಸವಲ್ಲ, ಬಹುಪಾಲು ಯಂತ್ರದ ಕಥೆ. ಅನೇಕ ಕಾರ್ಖಾನೆಗಳಲ್ಲಿ ಎರಡೂ ಬಗೆಯ ಚಾಕೊಲೇಟ್ ಹರಿಯುವುದು ಒಂದೇ ಕೊಳವೆಯಲ್ಲಿ. ಹಾಲಿನ ಸರದಿ ಮುಗಿದ ಮೇಲೆ ನೀರು ಬಿಟ್ಟು ತೊಳೆಯೋಣವೆಂದರೆ ಆಗದು. ತುಸು ತೇವ ಉಳಿದರೂ ಕರಗಿದ ಚಾಕೊಲೇಟ್ ಗಟ್ಟಿಯಾಗಿ ಮುದ್ದೆಗಟ್ಟುತ್ತದೆ. ಹಾಗಾಗಿ ಕೋಕೋ ಬೆಣ್ಣೆಯನ್ನೋ ಡಾರ್ಕ್ ಚಾಕೊಲೇಟನ್ನೋ ಹರಿಸಿ ಒಳಗಿನದನ್ನು ಹೊರತಳ್ಳುತ್ತಾರೆ. ಆದರೂ ಮೂಲೆ, ತಿರುವು, ಪಂಪುಗಳಲ್ಲಿ ಅಂಟಿದ್ದು ಮುಂದಿನ ಸರಕಿಗೆ ಸೇರುತ್ತದೆ.

ಬೇಕೆಂದೇ ಹಾಕುವುದೂ ಉಂಟು. ಚಾಕೊಲೇಟಿನ ಮೇಲೆ ಬಿಳಿ ಪೊರೆ ಏಳದಿರಲೆಂದು ಕೆಲವರು ಸ್ವಲ್ಪ ಹಾಲಿನ ಕೊಬ್ಬು ಬೆರೆಸುತ್ತಾರೆ. ಅದು ಪಟ್ಟಿಯಲ್ಲಿ ಕಾಣಬೇಕು. ಬಟರ್ ಆಯಿಲ್, ವೇ, ಕೇಸೀನ್, ಮಿಲ್ಕ್ ಸಾಲಿಡ್ಸ್ ಎಂಬ ಹೆಸರುಗಳನ್ನು ಹುಡುಕಿ.

‘ಹಾಲಿನ ಅಂಶ ಇರಬಹುದು’ ಎಂಬ ಸಾಲನ್ನು ಔಪಚಾರಿಕವೆಂದು ಕಡೆಗಣಿಸುವವರೂ ಇದ್ದಾರೆ. ಅಮೆರಿಕದಲ್ಲಿ ಆ ಎಚ್ಚರಿಕೆ ಕಡ್ಡಾಯವಲ್ಲ, ಹಾಗಾಗಿ ಅದಿಲ್ಲ ಎಂದಮಾತ್ರಕ್ಕೆ ಹಾಲಿಲ್ಲ ಎಂದಲ್ಲ. ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಲವಲೇಶ ಹಾಲು ಸಾಮಾನ್ಯವಾಗಿ ತೊಂದರೆ ಕೊಡದು. ಹಾಲಿನ ಪ್ರೋಟೀನಿನ ತೀವ್ರ ಅಲರ್ಜಿ ಇರುವ ಮಗುವಿಗೆ ಅಷ್ಟೇ ಸಾಕು, ಉಸಿರು ಕಟ್ಟಬಹುದು. ‘ವೀಗನ್’ ಮುದ್ರೆಯೂ ಇಲ್ಲಿ ಪೂರ್ಣ ರಕ್ಷೆಯಲ್ಲ: ಅದು ಏನನ್ನು ಬೆರೆಸಿಲ್ಲ ಎಂದು ಹೇಳುತ್ತದೆಯೇ ಹೊರತು ಕೊಳವೆಯಲ್ಲಿ ಏನು ಉಳಿದಿತ್ತೆಂದು ಹೇಳುವುದಿಲ್ಲ. ಅಂಥ ಮನೆಯವರು ಹಾಲನ್ನೇ ಮುಟ್ಟದ ಪ್ರತ್ಯೇಕ ಕಾರ್ಖಾನೆಯಲ್ಲಿ ತಯಾರಾದದ್ದೇ ಎಂದು ಕಂಪನಿಯನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.