ಐದು ಪೆನ್ಸಿಲ್, ಐದು ಜನ ಹುಡುಗರು

ಅಭ್ಯಾಸ ಬೋಧನೆಗೆಂದು ಹೊಸಪೇಟೆಯ ಶಾಲೆಯೊಂದರಲ್ಲಿ ನನಗೆ ಏಳನೆಯ ತರಗತಿಯ ಗಣಿತ ಕೊಟ್ಟಿದ್ದರು. ಇಂಗ್ಲಿಷ್ ಮಾಧ್ಯಮದ ವಿಭಾಗ. ಮೊದಲ ವಾರದ ಲೆಕ್ಕದ ಪುಸ್ತಕಗಳನ್ನು ತಿದ್ದುವಾಗ ‘ಫೈವ್ ಪೆನ್ಸಿಲ್’, ‘ಟ್ವೆಲ್ವ್ ಮ್ಯಾಂಗೋ’ ಎಂದು ಬರೆದಲ್ಲೆಲ್ಲ ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆಯುತ್ತ ಹೋದೆ. ಅಜಾಗರೂಕತೆ ಎಂದೇ ನನ್ನ ಎಣಿಕೆ. ನಾಲ್ಕೈದು ಪುಸ್ತಕ ಮುಗಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಪೆನ್ಸಿಲ್‌ಗೆ ಕೊನೆಯ ‘ಸ್’ ಬಿಟ್ಟ ಹುಡುಗನೇ ಅದೇ ಪುಟದಲ್ಲಿ ‘ಫೈವ್ ಬಾಯ್ಸ್’ ಎಂದು ಸರಿಯಾಗಿ ಬರೆದಿದ್ದ. ಅಜಾಗರೂಕತೆಯಾಗಿದ್ದರೆ ಹುಡುಗರನ್ನು ಎಣಿಸುವಾಗಲೂ ಅವನು ತಪ್ಪಬೇಕಿತ್ತಲ್ಲ?

ಉತ್ತರ ಇರುವುದು ನಾವು ದಿನವೂ ಆಡುವ ಕನ್ನಡದಲ್ಲಿ. ‘ಐದು ಪೆನ್ಸಿಲ್’, ‘ಹತ್ತು ಮಾವಿನಹಣ್ಣು’, ‘ಎರಡು ಎತ್ತು’ ಎನ್ನುತ್ತೇವೆ. ‘ಪೆನ್ಸಿಲ್‌ಗಳು’ ಎಂದರೂ ಸರಿಯೇ, ಆದರೆ ‘ಗಳು’ ಇಲ್ಲದಿದ್ದರೆ ತಪ್ಪಲ್ಲ. ಸಂಖ್ಯೆಯನ್ನೂ ತೆಗೆದುಬಿಡಿ: ‘ನಿನ್ನೆ ಸಂತೆಯಲ್ಲಿ ತೆಂಗಿನಕಾಯಿ ತಂದೆ.’ ಎಷ್ಟು ತಂದದ್ದು? ಒಂದಿರಬಹುದು, ಆರಿರಬಹುದು. ವಾಕ್ಯ ಅದನ್ನು ಹೇಳುವುದೇ ಇಲ್ಲ. ಶಾಲೆಯ ವ್ಯಾಕರಣದಲ್ಲಿ ‘ತೆಂಗಿನಕಾಯಿ’ ಏಕವಚನ ಎಂದು ಕಲಿಸುತ್ತೇವೆ. ನಿಜವಾಗಿ ಇಲ್ಲಿ ಅದು ಏಕವೂ ಅಲ್ಲ, ಬಹುವೂ ಅಲ್ಲ. ವಚನದ ಮಾತೇ ಎತ್ತದ ರೂಪ ಅದು. ಇದೇ ಪದಕ್ಕೆ ‘ಅನ್ನು’ ಹಚ್ಚಿ ‘ತೆಂಗಿನಕಾಯಿಯನ್ನು ತಂದೆ’ ಎಂದು ನೋಡಿ, ಕೂಡಲೇ ಗೊತ್ತಿರುವ ಒಂದೇ ಒಂದು ಕಾಯಿ ಮನಸ್ಸಿಗೆ ಬರುತ್ತದೆ.

ಮನುಷ್ಯರ ವಿಷಯಕ್ಕೆ ಬಂದರೆ ಈ ಸಡಿಲಿಕೆ ಇಲ್ಲ. ‘ಮನೆಗೆ ಹುಡುಗ ಬಂದಿದ್ದ’ ಎಂದರೆ ಒಬ್ಬನೇ. ‘ಐದು ಹುಡುಗ’ ಎಂದು ಯಾವ ಮಗುವೂ ಹೇಳುವುದಿಲ್ಲ. ಎಣಿಸುವ ಪದವೇ ಬೇರೆಯಾಗುತ್ತದೆ: ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು. ಹಳಗನ್ನಡದ ಒರ್ವಂ, ಇರ್ವರ್, ಮೂವರ್‌ಗಳಿಂದ ಬಂದ ಸಾಲು ಇದು. ಮುಂದೆ ಹೋದಂತೆ ಸಾಲು ಸವೆದು, ಎಂಟು ಹತ್ತಕ್ಕೆ ಬರುವಾಗ ‘ಎಂಟು ಜನ’, ‘ಹತ್ತು ಮಂದಿ’ ಎನ್ನದೆ ಬೇರೆ ದಾರಿಯಿಲ್ಲ. ನಮ್ಮ ಕಡೆಯ ಮಾತಿನಲ್ಲಂತೂ ಮೂರರಿಂದಲೇ ‘ಮಂದಿ’ ಶುರು. ಹೀಗೆ ಮನುಷ್ಯರಿಗೆ ಬಹುವಚನ ಕಡ್ಡಾಯ, ವಸ್ತುಗಳಿಗೆ ಐಚ್ಛಿಕ. ನನ್ನ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಬರೆದದ್ದು ಈ ನಿಯಮವನ್ನೇ, ಅದೂ ಒಂದಿಷ್ಟೂ ತಪ್ಪಿಲ್ಲದೆ.

ಈ ‘ಜನ’ ಎಂಬ ಪದಕ್ಕೆ ದೂರದ ನೆಂಟರಿದ್ದಾರೆ. ಬಂಗಾಳಿಯಲ್ಲಿ ಮೂವರು ವಿದ್ಯಾರ್ಥಿಗಳು ಎನ್ನಲು ‘ತಿನ್ ಜನ್ ಛಾತ್ರೊ’ ಎನ್ನುತ್ತಾರೆ, ಮೂರು ಪುಸ್ತಕಕ್ಕೆ ‘ತಿನ್‌ಟಾ ಬೊಇ’. ಸಂಖ್ಯೆಗೂ ನಾಮಪದಕ್ಕೂ ನಡುವೆ ಕೂತು, ಎಣಿಸುತ್ತಿರುವುದು ಯಾವ ಬಗೆಯದು ಎಂದು ತಿಳಿಸುವ ಇಂಥ ಪದಗಳನ್ನು ವರ್ಗಸೂಚಕಗಳು ಎನ್ನಬಹುದು. ಚೀನೀ ಭಾಷೆಯಲ್ಲಿ ಇವಿಲ್ಲದೆ ಎಣಿಕೆಯೇ ಸಾಗದು. ‘ಮೂರು ಪುಸ್ತಕ’ಕ್ಕೆ ‘ಸಾನ್ ಬೆನ್ ಷೂ’, ನಡುವಿನ ‘ಬೆನ್’ ಪುಸ್ತಕದಂಥವುಗಳಿಗೆ ಮೀಸಲು. ಆ ಎರಡೂ ಭಾಷೆಗಳಲ್ಲಿ ವರ್ಗಸೂಚಕ ಬಂದಾಗ ನಾಮಪದ ಬಹುವಚನ ತಾಳುವುದಿಲ್ಲ. ಕನ್ನಡದಲ್ಲಿ ‘ಐದು ಜನ ಹುಡುಗರು’ ಎಂದು ‘ಜನ’ವೂ ಬೇಕು, ‘ರು’ವೂ ಬೇಕು. ಹಾಗಾಗಿ ನಮ್ಮದು ಅರ್ಧದಾರಿಯ ವರ್ಗಸೂಚಕ ಎಂದೇ ನನಗೆ ತೋರುತ್ತದೆ.

ನಮ್ಮ ತರಗತಿಯ ಎಲ್ಲರ ಮನೆಮಾತೂ ಕನ್ನಡವಲ್ಲ. ಕಂಪ್ಲಿ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಮನೆಗಳು ಬಹಳ. ತೆಲುಗಿನಲ್ಲೂ ಇದ್ದರು, ಮುಗ್ಗುರು, ನಲುಗುರು ಎಂಬ ಮನುಷ್ಯರ ಸಾಲು ಇದೆ, ‘ಮಂದಿ’ಯೂ ಇದೆ. ಆದರೆ ಎರಡು ಪುಸ್ತಕ ಎನ್ನಲು ‘ರೆಂಡು ಪುಸ್ತಕಾಲು’ ಎಂದು ವಸ್ತುವಿಗೂ ಬಹುವಚನ ಹಚ್ಚುವುದೇ ಅಲ್ಲಿನ ರೂಢಿ. ತೆಲುಗು ಮನೆಯ ಹುಡುಗಿಯೊಬ್ಬಳ ಪುಸ್ತಕದಲ್ಲಿ ಪೆನ್ಸಿಲ್‌ಗೂ ‘ಸ್’ ಇತ್ತು. ಒಬ್ಬಳನ್ನು ನೋಡಿ ನಿಯಮ ಕಟ್ಟಲಾಗದು, ನಿಜ. ಆದರೂ ಮುಂದಿನ ತಂಡದವರು ಮನೆಮಾತನ್ನು ಕೇಳಿ ಬರೆದಿಟ್ಟುಕೊಂಡು ಪುಸ್ತಕ ತಿದ್ದಿದರೆ ಒಳ್ಳೆಯದು.

ವಸ್ತುಗಳೆಲ್ಲ ಒಂದೇ ಬಗೆಯವೂ ಅಲ್ಲ. ಹಂಪಿಯ ಕಲ್ಲನ್ನೂ ಸಂಡೂರಿನ ಅದಿರನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಎರಡು ಕಲ್ಲು’, ‘ಕೆಲವು ಕಲ್ಲು’ ಎನ್ನಬಹುದು. ‘ಎರಡು ಅದಿರು’, ‘ಕೆಲವು ಅದಿರು’ ಎಂದರೆ ಕಿವಿ ಒಪ್ಪದು. ‘ಎರಡು ಲಾರಿ ಅದಿರು’, ‘ಸ್ವಲ್ಪ ಅದಿರು’ ಎನ್ನಬೇಕು. ಅದಿರು, ನೀರು, ಹಿಟ್ಟು ಅಳೆಯುವಂಥವು. ಲಾರಿ, ಕೊಡ, ಸೇರು ಎಂಬ ಅಳತೆ ನಡುವೆ ಬಂದರೆ ಮಾತ್ರ ಸಂಖ್ಯೆಗೆ ಸಿಗುತ್ತವೆ. ಕಲ್ಲು ಎರಡೂ ಕಡೆಗೆ ಸಲ್ಲುತ್ತದೆ. ವಿಠ್ಠಲ ದೇವಾಲಯದ ರಥ ಕಲ್ಲಿನದು ಎನ್ನುವಾಗ ಅದು ದ್ರವ್ಯ, ದಾರಿಯಲ್ಲಿ ಎರಡು ಕಲ್ಲು ಎಡವಿದೆ ಎನ್ನುವಾಗ ಬಿಡಿ ವಸ್ತು. ಅಂದರೆ ಎಣಿಸುವುದು, ಅಳೆಯುವುದು ಎಂಬ ಭೇದ ಕನ್ನಡಕ್ಕೆ ಗೊತ್ತಿದೆ. ‘ಕೆಲವು’ ಎಂಬ ಪದ ಅದನ್ನು ಕಾಯುತ್ತದೆ. ‘ಎಷ್ಟು’ ಕಾಯುವುದಿಲ್ಲ: ಎಷ್ಟು ಕಲ್ಲು, ಎಷ್ಟು ಅದಿರು, ಎಷ್ಟು ಮಂದಿ, ಎಲ್ಲಕ್ಕೂ ಅದೊಂದೇ. ಇಂಗ್ಲಿಷಿನ ‘ಮೆನಿ’, ‘ಮಚ್’ ಎಂಬ ಒಡಕು ಇಲ್ಲಿಲ್ಲ. ಗಣಿತದ ಪ್ರಶ್ನೆಗಳೆಲ್ಲ ‘ಎಷ್ಟು’ವಿನ ಮೇಲೇ ನಿಂತಿರುವುದರಿಂದ ಇದು ಸಣ್ಣ ಸಂಗತಿಯಲ್ಲ.

ನಾನು ಬಿದ್ದದ್ದು ಅಲ್ಲಿಯೇ. ಗುಣಾಕಾರದ ಘಟಕ ಪರೀಕ್ಷೆಗೆ ಎರಡೂ ಭಾಷೆಯಲ್ಲಿ ಪ್ರಶ್ನೆ ಬರೆಯುವಾಗ ಕನ್ನಡದಲ್ಲಿ ಹೀಗೆ ಬರೆದಿದ್ದೆ: ‘ಒಂದು ಗೊನೆಯಲ್ಲಿ 8 ಚಿಪ್ಪು, ಒಂದು ಚಿಪ್ಪಿನಲ್ಲಿ 14 ಹಣ್ಣು. 3 ಗೊನೆಗೆ ಒಟ್ಟು ಎಷ್ಟು ಬಾಳೆ?’ ನನಗೆ ಬೇಕಾದದ್ದು 3 × 8 × 14 = 336. ಕಂಪ್ಲಿಯಿಂದ ಬರುವ ಒಬ್ಬ ಹುಡುಗ 24 ಎಂದಷ್ಟೇ ಬರೆದಿದ್ದ. ಎರಡನೆಯ ಹೆಜ್ಜೆ ಬಿಟ್ಟಿದ್ದಾನೆಂದು ಸೊನ್ನೆ ಹಾಕಿದೆ. ಕರೆದು ಕೇಳಿದಾಗ ಅವನು ಹೇಳಿದ್ದು: “ನಮ್ ಮನ್ಯಾಗ ಬಾಳಿ ಚಿಪ್ಪಿನ್ ಲೆಕ್ಕದಾಗ ಮಾರ್ತಾರ್ರಿ ಸರ್. ಹಣ್ಣು ಯಾರ್ ಎಣಿಸ್ತಾರ?”

ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ‘ಬಾಳೆ’ ಎಂಬ ಪದ ಗೊನೆಗೂ ಸಲ್ಲುತ್ತದೆ, ಚಿಪ್ಪಿಗೂ, ಬಿಡಿ ಹಣ್ಣಿಗೂ, ತೋಟದ ಗಿಡಕ್ಕೂ. ಯಾವುದನ್ನು ಎಣಿಸಬೇಕು ಎಂದು ತಿಳಿಸಬೇಕಾದದ್ದು ಅಳತೆಪದ, ಅದನ್ನು ಬಿಟ್ಟವನು ನಾನು. ಇಂಗ್ಲಿಷ್ ಪ್ರಶ್ನೆಯಲ್ಲಿ ‘ಹೌ ಮೆನಿ ಬನಾನಾಸ್’ ಎಂದಿದ್ದರಿಂದ ಬಿಡಿ ಹಣ್ಣು ಎಂಬುದು ತಾನಾಗಿ ಬಂದಿತ್ತು. ಕನ್ನಡಕ್ಕೆ ತರುವಾಗ ಅದು ಸೋರಿಹೋದದ್ದು ನನಗೆ ಕಾಣಲಿಲ್ಲ. ಇಂಥದ್ದನ್ನು ಪತ್ತೆಹಚ್ಚಲು ಈಗ ಒಂದು ಸುಲಭ ಪರೀಕ್ಷೆ ಮಾಡುತ್ತೇನೆ. ಪ್ರಶ್ನೆಯನ್ನು ಬದಿಗಿಟ್ಟು ಉತ್ತರವನ್ನು ಪೂರ್ಣ ವಾಕ್ಯದಲ್ಲಿ ಬರೆಯುತ್ತೇನೆ. ಸಂಖ್ಯೆಯ ಮುಂದೆ ಎರಡು ಬೇರೆ ಬೇರೆ ಪದ ಕೂರಲು ಜಾಗವಿದ್ದರೆ ಪ್ರಶ್ನೆ ಇನ್ನೂ ಸರಿಯಾಗಿಲ್ಲ. ‘ಎಷ್ಟು ಬಾಳೆ’ ಎಂಬುದನ್ನು ‘ಎಷ್ಟು ಬಿಡಿ ಹಣ್ಣು’ ಎಂದು ತಿದ್ದಲು ಒಂದೇ ಪದ ಸಾಕಾಯಿತು.

‘ಸ್’ ಬಿಟ್ಟದ್ದಕ್ಕೆ ಗಣಿತದಲ್ಲಿ ಅಂಕ ಕಳೆಯುವುದನ್ನು ನಿಲ್ಲಿಸಿದೆ. ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ಬಿಡುತ್ತೇನೆ, ಇಂಗ್ಲಿಷ್ ಶಿಕ್ಷಕರಿಗೆ ತೋರಿಸಲು. ಮಾರ್ಗದರ್ಶಕ ಶಿಕ್ಷಕರು ಇದನ್ನು ಪೂರ್ತಿ ಒಪ್ಪಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ತಿದ್ದುವವರಿಗೆ ನಿಮ್ಮ ಕಾರಣ ಗೊತ್ತಿರುವುದಿಲ್ಲವಲ್ಲ ಎನ್ನುತ್ತಾರೆ, ಅದೂ ಸರಿಯೇ. ಕಂಪ್ಲಿಯ ಹುಡುಗನಿಗೆ ಅಂಕ ತಿದ್ದಿ ಕೊಟ್ಟೆ, ಮುಂದೆ ಉತ್ತರದ ಪಕ್ಕದಲ್ಲಿ ಏನನ್ನು ಎಣಿಸಿದ್ದು ಎಂದೂ ಬರೆಯಲು ಹೇಳಿದೆ. ಅವನು ಉತ್ತರ ಪತ್ರಿಕೆಯನ್ನು ತಿರುಗಿ ಇಸಿದುಕೊಂಡು 24ರ ಮುಂದೆ ‘ಚಿಪ್ಪು’ ಎಂದು ಸೇರಿಸಿದ. ಕೆಳಗೆ, ಯಾರೂ ಕೇಳದಿದ್ದರೂ, ‘336 ಹಣ್ಣು’ ಎಂದು ಬರೆದು ಕೊಟ್ಟ.