ಒಂದೇ ಮನೆಯಲ್ಲಿ ಸತ್ತವರು, ಬದಲಾದವರು, ಎದ್ದು ಬಂದವರು

ಸೀರಿಯಲ್ಲಿನ ನಟ ಕೈಕೊಟ್ಟರೆ ಕಥೆ ಬರೆಯುವವರ ಮುಂದೆ ಇರುವ ದಾರಿಗಳು ಬೆರಳೆಣಿಕೆಯವು. ಪಾತ್ರವನ್ನು ಸಾಯಿಸಬಹುದು. ಏನೂ ಆಗಿಲ್ಲವೆಂಬಂತೆ ಇನ್ನೊಬ್ಬರನ್ನು ತಂದು ಅದೇ ಹೆಸರಿಟ್ಟು ಕೂರಿಸಬಹುದು. ಮುಖ ಬದಲಾದದ್ದಕ್ಕೆ ಕಥೆಯೊಳಗೇ ಒಂದು ಕಾರಣ ಹೊಸೆಯಬಹುದು. ಈ ಮೂರನ್ನೂ ಒಂದೇ ಮನೆಯೊಳಗೆ, ಐದಾರು ವರ್ಷಗಳ ಅಂತರದಲ್ಲಿ ಮಾಡಿ ನೋಡಿದ ಧಾರಾವಾಹಿಯೊಂದಿದೆ. 1978ರಿಂದ 1991ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಓಡಿದ ‘ಡಲ್ಲಾಸ್’. ಟೆಕ್ಸಸ್‌ನ ತೈಲ ಕುಳಗಳಾದ ಯೂಯಿಂಗ್ ಕುಟುಂಬ, ಸೌತ್‌ಫೋರ್ಕ್ ಎಂಬ ಅವರ ದೊಡ್ಡ ಮನೆ, ಅಪ್ಪ ಜಾಕ್, ಅಮ್ಮ ಮಿಸ್ ಎಲಿ, ಕುತಂತ್ರಿ ಹಿರಿಮಗ ಜೆ.ಆರ್., ಒಳ್ಳೆಯವನಾದ ಕಿರಿಮಗ ಬಾಬಿ. ಆಸ್ತಿ ಜಗಳ, ಸೊಸೆಯರ ಸಂಕಟ, ಊಟದ ಮೇಜಿನ ಮೇಲಿನ ಚುಚ್ಚುಮಾತು ಎಲ್ಲವೂ ಇದ್ದ ಕಥೆ. ನಮ್ಮವರಿಗೆ ಪರಿಚಯ ಮಾಡಿಕೊಡುವ ಅಗತ್ಯವೇ ಬೀಳದಂಥ ಮನೆ.

ಮೊದಲು ಹೋದವನು ಅಪ್ಪ. ಜಾಕ್ ಪಾತ್ರ ಮಾಡುತ್ತಿದ್ದ ಜಿಮ್ ಡೇವಿಸ್ 1981ರ ಏಪ್ರಿಲ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ನಟನೇ ಸತ್ತಾಗ ಪಾತ್ರಕ್ಕೆ ಬೇರೆಯವರನ್ನು ಹಾಕುವುದು ಪ್ರೇಕ್ಷಕರಿಗೆ ಅವಮಾನ ಮಾಡಿದಂತೆ ಎಂಬ ಭಾವನೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಆದರೆ ಡಲ್ಲಾಸ್ ತಂಡ ಜಾಕ್‌ನನ್ನು ತಕ್ಷಣ ಕೊಲ್ಲಲೂ ಇಲ್ಲ. ಎಣ್ಣೆ ಬಾವಿ ಕೊರೆಸುವ ಕೆಲಸಕ್ಕೆ ದಕ್ಷಿಣ ಅಮೆರಿಕಕ್ಕೆ ಹೋಗಿದ್ದಾನೆ ಎಂದು ಹೇಳಿಸಿ ತಿಂಗಳುಗಟ್ಟಲೆ ಕಥೆ ನಡೆಸಿದರು. 1982ರ ಜನವರಿಯಲ್ಲಿ ಅವನು ಕೂತಿದ್ದ ಹೆಲಿಕಾಪ್ಟರ್ ಅಲ್ಲಿನ ಕಾಡಿನಲ್ಲಿ ಬಿದ್ದ ಸುದ್ದಿ ಬಂತು. ಮಕ್ಕಳು ಹುಡುಕಿಕೊಂಡು ಹೋದರು. ನೀರಿನಲ್ಲಿ ಅಪ್ಪನ ಕೊರಳ ಪದಕ ಸಿಕ್ಕಿತು, ಹೆಣ ಸಿಗಲಿಲ್ಲ. ಮನೆಗೆ ಬಂದದ್ದು ಗೋಡೆಗೆ ತೂಗುಹಾಕಿದ ದೊಡ್ಡ ಭಾವಚಿತ್ರ.

ಹೆಣ ಸಿಗದಿರುವುದು ಸೀರಿಯಲ್ ಬರೆಯುವವರ ಹಳೆಯ ಜಾಣತನ. ಬಾಗಿಲು ಹಾಕಿದರೂ ಚಿಲಕ ಹಾಕದೆ ಬಿಡುವುದು. ಇದು ಮುಂದೆ ಕೆಲಸಕ್ಕೆ ಬಂತು, ಅದನ್ನು ಆಮೇಲೆ ನೋಡೋಣ.

ಎರಡನೆಯದು ಅಮ್ಮನ ಸರದಿ. ಮಿಸ್ ಎಲಿ ಆಗಿದ್ದ ಬಾರ್ಬರಾ ಬೆಲ್ ಗೆಡಸ್‌ಗೆ 1983ರಲ್ಲಿ ಹೃದಯದ ಬೈಪಾಸ್ ಆಯಿತು. ಮರುವರ್ಷ ಅವರು ಧಾರಾವಾಹಿ ಬಿಟ್ಟರು. ನಟಿ ಬದುಕಿದ್ದಾರೆ, ಮನೆಯ ಯಜಮಾನಿಯ ಪಾತ್ರ ಕಥೆಗೆ ಬೇಕೇ ಬೇಕು. ಗಂಡನನ್ನೂ ಹೆಂಡತಿಯನ್ನೂ ಮೂರು ವರ್ಷದೊಳಗೆ ಕೊಂದರೆ ಉಳಿಯುವುದು ಜಗಳವಾಡುವ ಮಕ್ಕಳು ಮಾತ್ರ, ಆ ಜಗಳಕ್ಕೆ ಅಡ್ಡ ಬರಲು ಹಿರಿಯರೇ ಇರುವುದಿಲ್ಲ. ಹಾಗಾಗಿ ಪಾತ್ರವನ್ನು ಉಳಿಸಿ ನಟಿಯನ್ನು ಬದಲಿಸಿದರು. ಎಲಿ ಎರಡನೆಯ ಮದುವೆ ಮಾಡಿಕೊಂಡು ಮಧುಚಂದ್ರಕ್ಕೆ ಹೋಗಿದ್ದಳು. ವಾಪಸ್ ಬರುವಾಗ ಅವಳ ಜಾಗದಲ್ಲಿ ಡೊನಾ ರೀಡ್ ಇದ್ದರು. ಆಸ್ಕರ್ ಗೆದ್ದ ನಟಿ, ಹೆಸರಿಗೆ ಏನೂ ಕಡಿಮೆಯಿಲ್ಲ. ಮನೆಯವರು ಯಾರೂ ‘ಯಾಕಮ್ಮ ಹೀಗಾಗಿದ್ದೀಯ’ ಎಂದು ಕೇಳಲಿಲ್ಲ.

ಈ ವಿವರಣೆಯಿಲ್ಲದ ಬದಲಾವಣೆಯೇ ಎಲ್ಲಕ್ಕಿಂತ ಅಗ್ಗ, ಬಹುಪಾಲು ಸಲ ಎಲ್ಲಕ್ಕಿಂತ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ‘ಲಕ್ಷ್ಮೀ ಬಾರಮ್ಮ’ ನೋಡಿದವರಿಗೆ ಇದು ಗೊತ್ತು. ಅಲ್ಲಿ ಚಂದನ್ ಪಾತ್ರವನ್ನು ಮೊದಲು ಚಂದನ್ ಕುಮಾರ್, ನಂತರದ ವರ್ಷಗಳಲ್ಲಿ ಶೈನ್ ಶೆಟ್ಟಿ, ಚಂದು ಗೌಡ ಮಾಡಿದರು. ಕವಿತಾ ಗೌಡ ಬಿಟ್ಟ ಮೇಲೆ ಚಿನ್ನು ಆಗಿ ರಶ್ಮಿ ಪ್ರಭಾಕರ್ ಬಂದರು. ಮೊದಲ ವಾರ ಮನೆಮನೆಯಲ್ಲೂ ಗೊಣಗಾಟ, ಆಮೇಲೆ ಸಂಜೆಯ ಕಾಫಿ ಜತೆ ಹೊಸ ಮುಖವೂ ಒಗ್ಗಿತು. ಪ್ರೇಕ್ಷಕರು ಹೆಸರು, ಸಂಬಂಧ, ಅಡುಗೆಮನೆ ಇವನ್ನೆಲ್ಲ ಹಿಡಿದುಕೊಂಡಿರುತ್ತಾರೆ. ಅವು ಇದ್ದಲ್ಲೇ ಇದ್ದರೆ ಮುಖವನ್ನು ಮನ್ನಿಸಿಬಿಡುತ್ತಾರೆ.

ಹಾಗಿದ್ದರೆ ಡೊನಾ ರೀಡ್ ಯಾಕೆ ನಿಲ್ಲಲಿಲ್ಲ? ಬೆಲ್ ಗೆಡಸ್‌ರ ಎಲಿ ದನಕರು, ಹೊಲ, ಮಣ್ಣು ಕಂಡ ಹೆಂಗಸು, ಸೀರೆ ಸೆರಗಲ್ಲೇ ಕೈ ಒರೆಸಿಕೊಳ್ಳುವ ನಮ್ಮ ಹಳ್ಳಿ ಯಜಮಾನಿಯ ಜಾತಿ. ರೀಡ್‌ರ ಎಲಿ ನಯವಾದ ಪಟ್ಟಣದ ಹೆಂಗಸು. ಬದಲಾದದ್ದು ಮುಖವಷ್ಟೇ ಆಗಿದ್ದರೆ ಜನ ಒಪ್ಪುತ್ತಿದ್ದರೇನೋ, ನಡೆ, ನುಡಿ, ಗದರುವ ರೀತಿಯೂ ಬದಲಾಗಿತ್ತು. ಅಷ್ಟರಲ್ಲಿ ಬೆಲ್ ಗೆಡಸ್ ಚೇತರಿಸಿಕೊಂಡು ಮರಳಲು ಒಪ್ಪಿದರು. 1985ರಲ್ಲಿ ರೀಡ್‌ರನ್ನು ಕೈಬಿಡಲಾಯಿತು. ಅವರು ಕೋರ್ಟಿಗೆ ಹೋದರು. ಚಿತ್ರೀಕರಣ ನಿಲ್ಲಿಸಲು ಆಗಲಿಲ್ಲ, ಹಣದಲ್ಲಿ ರಾಜಿಯಾಯಿತು. 1986ರ ಜನವರಿಯಲ್ಲಿ ರೀಡ್ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮೂರನೆಯದು ಕಿರಿಮಗ ಬಾಬಿಯದು. ಇಲ್ಲಿ ಸಾವೂ ಇಲ್ಲ, ಕಾಯಿಲೆಯೂ ಇಲ್ಲ. ಪ್ಯಾಟ್ರಿಕ್ ಡಫಿಯ ಏಳು ವರ್ಷದ ಒಪ್ಪಂದ ಮುಗಿದಿತ್ತು, ಅವರಿಗೆ ಬೇರೆ ಕೆಲಸ ಮಾಡುವ ಆಸೆಯಿತ್ತು. 1985ರ ಮೇನಲ್ಲಿ ಪ್ರಸಾರವಾದ ಕಂತಿನಲ್ಲಿ ಬಾಬಿಯ ಮಾಜಿ ಹೆಂಡತಿ ಪ್ಯಾಮ್‌ಳ ಮೇಲೆ ಹಗೆಯಿದ್ದ ಕ್ಯಾಥರೀನ್ ಅವಳತ್ತ ಕಾರು ನುಗ್ಗಿಸುತ್ತಾಳೆ. ಬಾಬಿ ಪ್ಯಾಮ್‌ಳನ್ನು ತಳ್ಳಿ ತಾನು ಸಿಕ್ಕಿಬೀಳುತ್ತಾನೆ. ಆಸ್ಪತ್ರೆಯ ಹಾಸಿಗೆಯ ಸುತ್ತ ಇಡೀ ಕುಟುಂಬ, ಒಬ್ಬೊಬ್ಬರಿಗೂ ಒಂದೊಂದು ಕೊನೆಮಾತು, ಆಮೇಲೆ ಪ್ರಾಣ. ಜಾಕ್‌ನ ಸಾವಿನಲ್ಲಿ ಬಿಟ್ಟಿದ್ದ ಸಂದು ಇಲ್ಲಿ ಬಿಡಲಿಲ್ಲ. ಹೆಣ ಕಣ್ಣೆದುರೇ ಇತ್ತು. ನಟ ಮರಳುವುದಿಲ್ಲ ಎಂದು ಬರೆದವರು ಅಷ್ಟು ನಂಬಿದ್ದರು.

ಮುಂದಿನ ಇಡೀ ವರ್ಷ ಬಾಬಿ ಇಲ್ಲದೆ ಕಥೆ ನಡೆಯಿತು, ರೇಟಿಂಗ್ ಪಟ್ಟಿಯಲ್ಲಿ ಎರಡನೆಯ ಸ್ಥಾನದಿಂದ ಆರಕ್ಕೆ ಇಳಿಯಿತು. ಜೆ.ಆರ್. ಆಗಿದ್ದ ಲ್ಯಾರಿ ಹ್ಯಾಗ್‌ಮನ್ ಗೆಳೆಯ ಡಫಿಯನ್ನು ಒಲಿಸಿದರು. ಹಿಂದೆ ಧಾರಾವಾಹಿ ನಡೆಸುತ್ತಿದ್ದ ಲಿಯೊನಾರ್ಡ್ ಕಾಟ್ಜ್‌ಮನ್ ಕೂಡ ವಾಪಸ್ಸಾದರು. ಈಗ ಸತ್ತವನನ್ನು ಎಬ್ಬಿಸುವುದು ಹೇಗೆ? ಅವಳಿ ತಮ್ಮ ಎನ್ನಬಹುದಿತ್ತು. ಆದರೆ ಜನಕ್ಕೆ ಬೇಕಿದ್ದದ್ದು ಬಾಬಿ, ಬಾಬಿಯಂತೆ ಕಾಣುವ ಇನ್ಯಾರೋ ಬಂದು ಪ್ರಯೋಜನವಿರಲಿಲ್ಲ.

ಅವರು ಮಾಡಿದ್ದು ಇದು. ಡಫಿಯನ್ನು ಗುಟ್ಟಾಗಿ ಕರೆಸಿ, ಸೋಪಿನ ಜಾಹೀರಾತು ಎಂದು ಚಿತ್ರತಂಡಕ್ಕೇ ಸುಳ್ಳು ಹೇಳಿ, ಶವರ್ ಕೆಳಗೆ ನಿಂತು ತಿರುಗಿ ಗುಡ್ ಮಾರ್ನಿಂಗ್ ಹೇಳುವ ದೃಶ್ಯ ತೆಗೆದರು. ಪ್ಯಾಮ್ ಆಗಿದ್ದ ವಿಕ್ಟೋರಿಯಾ ಪ್ರಿನ್ಸಿಪಾಲ್ ಬಚ್ಚಲ ಬಾಗಿಲು ತೆಗೆಯುವ ಶಾಟ್ ಬೇರೆ ದಿನದ್ದು, ಅಲ್ಲಿ ಒಳಗಿದ್ದವನು ಬೇರೆ ನಟ. ಎರಡು ತುಂಡುಗಳನ್ನು ಜೋಡಿಸಿ 1986ರ ಮೇನಲ್ಲಿ ಋತುವಿನ ಕೊನೆಗೆ ಅಂಟಿಸಿದರು. ಬೇಸಿಗೆಯಿಡೀ ಅಮೆರಿಕ ಊಹಿಸುತ್ತ ಕೂತಿತು. ಸೆಪ್ಟೆಂಬರ್‌ನಲ್ಲಿ ಉತ್ತರ ಬಂತು: ಬಾಬಿ ಸತ್ತದ್ದು, ಆಮೇಲಿನ ಮೂವತ್ತೊಂದು ಕಂತುಗಳು, ಎಲ್ಲವೂ ಪ್ಯಾಮ್ ಕಂಡ ಕನಸು.

ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕಿದರೆ ತಮಾಷೆಯಾಗಿದೆ. ಬೆಲ್ ಗೆಡಸ್ ಮರಳಿ ಬಂದ ವರ್ಷ ಇಡಿಯಾಗಿ ಅಳಿಸಿಹೋಯಿತು, ಜನ ಒಲ್ಲೆನೆಂದ ಡೊನಾ ರೀಡ್‌ರ ವರ್ಷ ಮಾತ್ರ ನಿಜವಾಗಿ ಉಳಿಯಿತು. ಇನ್ನೂ ಕಷ್ಟದ್ದು ‘ನಾಟ್ಸ್ ಲ್ಯಾಂಡಿಂಗ್’ ಎಂಬ ಸೋದರ ಧಾರಾವಾಹಿ. ಅದರ ನಾಯಕ ಗ್ಯಾರಿ ಬಾಬಿಯ ಅಣ್ಣ. ಅಲ್ಲಿ ಅವನು ತಮ್ಮನಿಗಾಗಿ ಅತ್ತಿದ್ದ, ಅವನ ಮಗುವಿಗೆ ಬಾಬಿಯ ಹೆಸರೂ ಇಟ್ಟಾಗಿತ್ತು. ಪ್ಯಾಮ್‌ಳ ಕನಸಿಗೆ ಅವರು ತಮ್ಮ ಒಂದು ವರ್ಷದ ಕಥೆಯನ್ನು ಬಲಿ ಕೊಡಲಿಲ್ಲ. ಎರಡು ಧಾರಾವಾಹಿಗಳ ನಡುವಿನ ಹೋಗಿಬರುವ ಬಳಕೆ ಅಲ್ಲಿಗೆ ನಿಂತಿತು. ಡಲ್ಲಾಸ್ ರೇಟಿಂಗ್ ಕೂಡ ಏರಲಿಲ್ಲ, ಮರುವರ್ಷ ಹನ್ನೊಂದನೆಯ ಸ್ಥಾನಕ್ಕೆ ಬಂತು. ಏನು ನಡೆದರೂ ನಾಳೆ ಕನಸೆನ್ನಬಹುದು ಎಂದು ಒಮ್ಮೆ ಗೊತ್ತಾದ ಪ್ರೇಕ್ಷಕ ಮುಂದಿನ ಸಾವಿಗೆ ಅಳುವುದು ಕಷ್ಟ.

ಈಗ ಜಾಕ್‌ನ ಸಿಗದ ಹೆಣಕ್ಕೆ ಬರೋಣ. ಅದೇ 1986ರಲ್ಲಿ ಸೌತ್‌ಫೋರ್ಕ್‌ಗೆ ವೆಸ್ ಪಾರ್ಮಲಿ ಎಂಬ ಮೇಸ್ತ್ರಿ ಬಂದ. ನಟ ಸ್ಟೀವ್ ಫಾರೆಸ್ಟ್. ನಾನೇ ಜಾಕ್, ಹೆಲಿಕಾಪ್ಟರ್ ಅಪಘಾತದಲ್ಲಿ ಗಾಯವಾಗಿ ಪ್ಲಾಸ್ಟಿಕ್ ಸರ್ಜರಿಯಿಂದ ಮುಖ ಬದಲಾಯಿತು ಎಂದ. ಮನೆಯ ಗುಟ್ಟುಗಳನ್ನು ಹೇಳಿದ. ಕೊನೆಗೆ ಅವನು ವೇಷಗಾರ ಎಂದಾಯಿತು. ಅಂದರೆ ಡಲ್ಲಾಸ್ ಬರೆದವರಿಗೇ ಸರ್ಜರಿಯ ಕಥೆ ಮೋಸಗಾರನ ಬಾಯಲ್ಲಿ ಬರುವಂಥ ಮಾತಾಗಿತ್ತು.

ಅದೇ ಸರ್ಜರಿಯನ್ನು ನಿಜವೆಂದೇ ಬಳಸಿದ್ದು ನಮ್ಮ ‘ಜೊತೆ ಜೊತೆಯಲಿ’. 2019ರ ಸೆಪ್ಟೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದ ಇದರಲ್ಲಿ ಅನಿರುದ್ಧ್ ಆರ್ಯವರ್ಧನ್ ಆಗಿ ಮನೆಮಾತಾಗಿದ್ದರು. 2022ರ ಆಗಸ್ಟ್‌ನಲ್ಲಿ ತಂಡಕ್ಕೂ ಅವರಿಗೂ ಭಿನ್ನಾಭಿಪ್ರಾಯ ಬೆಳೆದು ಅವರು ಹೊರಬಿದ್ದರು, ಹರೀಶ್ ರಾಜ್ ಒಳಬಂದರು. ಸುಮ್ಮನೆ ಮುಖ ಬದಲಿಸೋಣವೆಂದರೆ ಆರ್ಯವರ್ಧನ್ ಎಂದರೆ ಆ ಬಿಳಿಗೂದಲು, ಆ ಗಾಂಭೀರ್ಯ, ಮೂರು ವರ್ಷದ ಕ್ಲೋಸಪ್‌ಗಳು. ಕೊಲ್ಲೋಣವೆಂದರೆ ಕಥೆಯ ಸಾಲ ತೀರಿರಲಿಲ್ಲ. ಅನು ಎಂಬ ಹುಡುಗಿ ಆರ್ಯನ ಮೊದಲ ಹೆಂಡತಿ ರಾಜನಂದಿನಿಯ ಮರುಜನ್ಮ, ರಾಜನಂದಿನಿಯ ಸಾವಿಗೆ ಆರ್ಯ ಉತ್ತರ ಕೊಡಬೇಕು, ಆದ್ದರಿಂದ ಅವನು ಬದುಕಿರಲೇಬೇಕು. ಹಾಗಾಗಿ ಅಪಘಾತ, ಮುಖಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಬ್ಬನ ಮುಖ, ನೆನಪು ಹೋದ ಸ್ಥಿತಿ, ಸಂಜು ಎಂಬ ಹೊಸ ಹೆಸರು.

ವೈದ್ಯರು ನಗಬಹುದು. ಕಸುಬಿನ ಕಣ್ಣಿನಿಂದ ನೋಡಿದರೆ ಇದರಲ್ಲಿ ಮೆಚ್ಚಬೇಕಾದ್ದು ಮುಖದ ಸರ್ಜರಿಗಿಂತ ನೆನಪು ಅಳಿಸಿದ್ದು. ನೆನಪಿಲ್ಲದವನು ಆರ್ಯನಂತೆ ನಡೆಯಬೇಕಿಲ್ಲ, ಮಾತಾಡಬೇಕಿಲ್ಲ. ಡೊನಾ ರೀಡ್‌ಗೆ ಸಿಗದ ರಿಯಾಯಿತಿ ಹರೀಶ್ ರಾಜ್‌ಗೆ ಸಿಕ್ಕಿತು: ಹಳೆಯ ನಟನನ್ನು ಅನುಕರಿಸುವ ಹೊರೆಯಿಲ್ಲದೆ ಅವರು ಸಂಜು ಆಗಿ ಜನಕ್ಕೆ ಪರಿಚಯವಾದರು. ಅವನು ಯಾರೆಂದು ಮನೆಯವರಿಗೆ ತಿಳಿಯದಿದ್ದ ದಿನಗಳಲ್ಲಿ ನೋಡುಗರಿಗೂ ಒಗ್ಗಿಕೊಳ್ಳಲು ಸಮಯ ಸಿಕ್ಕಿತು. ಧಾರಾವಾಹಿ 2023ರ ಮೇವರೆಗೆ ನಡೆಯಿತು.

ಇಷ್ಟನ್ನು ಡಲ್ಲಾಸ್‌ನವರಿಗಿಂತ ಅವಸರದಲ್ಲಿ ಮಾಡಬೇಕಿತ್ತು ಎಂಬುದನ್ನೂ ಮರೆಯಬಾರದು. ಅವರದು ವಾರಕ್ಕೊಂದು ಕಂತು, ಮೇನಿಂದ ಸೆಪ್ಟೆಂಬರ್‌ವರೆಗೆ ರಜೆ. ನಮ್ಮದು ವಾರಕ್ಕೆ ಐದಾರು ಕಂತು, ರಜೆಯೆಂಬುದೇ ಇಲ್ಲ. ಚಿತ್ರೀಕರಿಸಿ ಇಟ್ಟ ಕಂತುಗಳ ಬ್ಯಾಂಕ್ ಇದ್ದರೆ ಕೆಲವು ದಿನ ಉಸಿರಾಡಬಹುದು, ಅದು ಮುಗಿಯುವಷ್ಟರಲ್ಲಿ ಹೊಸ ನಟ, ಹೊಸ ಟ್ರ್ಯಾಕ್, ಪ್ರೋಮೊ ಎಲ್ಲ ಸಿದ್ಧವಿರಬೇಕು. ನಟರಿಗೂ ತಂಡಕ್ಕೂ ಏನೋ ಸರಿಯಿಲ್ಲ ಎಂಬುದು ಪತ್ರಿಕೆಗಿಂತ ಮೊದಲು ಪರದೆಯಲ್ಲೇ ಗೊತ್ತಾಗುವುದು ಇದೇ ಕಾರಣಕ್ಕೆ. ಮುಖ್ಯ ಪಾತ್ರ ಇದ್ದಕ್ಕಿದ್ದಂತೆ ಕೆಲಸದ ಮೇಲೆ ಬೇರೆ ಊರಿಗೆ ಹೋಗುತ್ತದೆ. ಅದರ ಮಾತು ಫೋನಿನ ಈಚೆ ಕಡೆಯವರ ಬಾಯಿಂದಷ್ಟೇ ತಿಳಿಯುತ್ತದೆ. ಹಳೆಯ ದೃಶ್ಯಗಳು ನೆನಪಿನ ಹೆಸರಲ್ಲಿ ಮತ್ತೆ ಬರುತ್ತವೆ. ಬೆನ್ನು ಮಾತ್ರ ಕಾಣುವಂತೆ ಯಾರೋ ಮೆಟ್ಟಿಲು ಹತ್ತುತ್ತಾರೆ. ಆಸ್ಪತ್ರೆಯ ದೃಶ್ಯ ಬಂದು, ಹಾಸಿಗೆಯಲ್ಲಿದ್ದವರ ಮುಖಕ್ಕೆ ಪೂರ್ತಿ ಬ್ಯಾಂಡೇಜ್ ಸುತ್ತಿದ್ದರೆ ಹೊಸ ನಟನ ಒಪ್ಪಂದಕ್ಕೆ ಆಗಲೇ ಸಹಿ ಬಿದ್ದಿರುತ್ತದೆ.