‘ಹೆಸರು ಅಳಿಸಿ ಜೆರಾಕ್ಸ್ ಕೊಡ್ರಿ’

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಸೆಂಟರ್ ಇದ್ದಲ್ಲೆಲ್ಲ ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಅಂಥದ್ದೊಂದು ಅಂಗಡಿಯಲ್ಲಿ ನಾನು ಸಂಜೆ ಹೊತ್ತು ಕೆಲಸ ಮಾಡುತ್ತೇನೆ, ಬೆಳಿಗ್ಗೆ ಓದುತ್ತೇನೆ. ಪರೀಕ್ಷೆಗಳ ಅಧಿಸೂಚನೆ ಬಂದರೆ ಸಾಕು, ಒಂದು ಬೇಡಿಕೆ ಮತ್ತೆ ಮತ್ತೆ ಬರುತ್ತದೆ. ‘ಅಣ್ಣಾರ, ಈ ಪಿಡಿಎಫ್ ಮ್ಯಾಲಿನ ವಾಟರ್‌ಮಾರ್ಕ್ ಅಳಿಸಿ ಪ್ರಿಂಟ್ ಕೊಡ್ರಿ.’ ನಮ್ಮ ಮಾಲೀಕರ ಉತ್ತರವೂ ಒಂದೇ: ‘ಪ್ರಿಂಟ್ ಕೊಡ್ತೀನಿ ತಮ್ಮಾ, ಅಳಸೂದಿಲ್ಲ.’

ದುಡ್ಡು ಕೊಟ್ಟು ಕೊಂಡ ಟೆಸ್ಟ್ ಸೀರೀಸ್‌ನ ಪ್ರತಿ ಪುಟದಲ್ಲೂ ಸಂಸ್ಥೆಯ ಹೆಸರು, ‘ಮರುಹಂಚಿಕೆ ಮಾಡುವಂತಿಲ್ಲ’ ಎಂಬ ಸಾಲು, ಜೊತೆಗೆ ಕೊಂಡವರ ಹೆಸರು ಮತ್ತು ಮೊಬೈಲ್ ನಂಬರ್ ಓರೆಯಾಗಿ ಮೂಡಿರುತ್ತವೆ. ‘ನಾನೇ ಕೊಂಡದ್ದಲ್ಲವೇ, ಅಳಿಸಿದರೇನು?’ ಎಂಬ ಪ್ರಶ್ನೆ ಸಹಜ. ಆದರೆ ನಾವು ಕೊಂಡಿರುವುದು ಓದುವ ಅನುಮತಿಯನ್ನು ಮಾತ್ರ. ಕೃತಿಯ ಹಕ್ಕು ಬರೆದವರ ಇಲ್ಲವೇ ಪ್ರಕಟಿಸಿದವರ ಬಳಿಯೇ ಉಳಿಯುತ್ತದೆ.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಬಿ ಎಂಬ ಕಲಂ ಸೇರಿತು. ಕೃತಿಯ ಹೆಸರು, ಹಕ್ಕುದಾರರ ಹೆಸರು, ಬಳಕೆಯ ಷರತ್ತು ಇಂಥ ಮಾಹಿತಿಯನ್ನು ಅನುಮತಿಯಿಲ್ಲದೆ ಗೊತ್ತಿದ್ದೂ ತೆಗೆದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಅಳಿಸಿದ್ದು ಎಂದು ಗೊತ್ತಿದ್ದೂ ಆ ಪ್ರತಿಯನ್ನು ಹಂಚಿದವರಿಗೂ ಇದೇ ಶಿಕ್ಷೆ. ಅಳಿಸುವ ಕೈ ಅಂಗಡಿಯವರದ್ದಾದ್ದರಿಂದ ನಮ್ಮ ಮಾಲೀಕರು ಒಪ್ಪುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಬಳಕೆದಾರರನ್ನು ಗುರುತಿಸಲೆಂದೇ ಇರುವ ವ್ಯವಸ್ಥೆಯನ್ನು ಕಾಯ್ದೆ ಈ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ‘ಹಂಗಾದ್ರ ನನ್ನ ಹೆಸರು, ನಂಬರ್ ಅಷ್ಟ ತಗೀರಿ’ ಎಂದು ಕಾನೂನು ಓದುವ ಹುಡುಗನೊಬ್ಬ ವಾದಿಸಿದ್ದ. ಆದರೆ ಖರೀದಿಸುವಾಗ ಒಪ್ಪಿದ ಷರತ್ತು ಹಾಗೇ ಇರುತ್ತದೆ. ಹೆಸರಿಲ್ಲದ ಪ್ರತಿ ಟೆಲಿಗ್ರಾಂ ಗುಂಪು ಸೇರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. 63ನೇ ಕಲಂ ಪ್ರಕಾರ ಇದಕ್ಕೆ ನೆರವಾದವರೂ ಹೊಣೆಗಾರರು. ಸರ್ಕಾರಿ ನೌಕರಿ ಸಿಕ್ಕಾಗ ತುಂಬುವ ಅಟೆಸ್ಟೇಷನ್ ಫಾರ್ಮ್‌ನಲ್ಲಿ ಕ್ರಿಮಿನಲ್ ಮೊಕದ್ದಮೆಯ ವಿವರ ಕೇಳುತ್ತಾರೆ ಎಂಬುದು ನಮ್ಮಂಥವರಿಗೆ ನೆನಪಿರಬೇಕು.

ಅಳಿಸಿದ ಪ್ರತಿಯನ್ನು ನಂಬುವುದೂ ಕಷ್ಟ. ಗೆಳೆಯರೊಬ್ಬರು ಬೇರೆಲ್ಲಿಂದಲೋ ತಂದ ಅಂಥ ಪ್ರತಿಯಲ್ಲಿ ಒಂದು ಲೆಕ್ಕದ ಉತ್ತರ ಯಾವ ಆಯ್ಕೆಗೂ ಹೊಂದುತ್ತಿರಲಿಲ್ಲ. ಮೂಲ ಫೈಲ್ ತೆರೆದು ನೋಡಿದರೆ ಅಲ್ಲಿದ್ದದ್ದು 2.5, ಪ್ರಿಂಟ್‌ನಲ್ಲಿದ್ದದ್ದು 25. ತೆಳು ಬೂದು ಅಕ್ಷರಗಳ ಜೊತೆಗೆ ದಶಮಾಂಶದ ಚುಕ್ಕಿಯೂ ಹೋಗಿತ್ತು. ಮೈನಸ್ ಗುರುತು, ನಕ್ಷೆಯ ಸಣ್ಣ ಗೆರೆಗಳೂ ಹೀಗೆಯೇ ಮಾಯವಾಗುತ್ತವೆ.

ಹೆಚ್ಚಿನವರ ನಿಜವಾದ ತೊಂದರೆ ಬೇರೆಯೇ ಇರುತ್ತದೆ. ಬಣ್ಣದ ವಾಟರ್‌ಮಾರ್ಕ್ ಕಪ್ಪು-ಬಿಳುಪು ಪ್ರಿಂಟ್‌ನಲ್ಲಿ ಗಾಢ ಬೂದಾಗಿ ಅಕ್ಷರಗಳನ್ನು ಮುಚ್ಚುತ್ತದೆ. ಕಳೆದ ತಿಂಗಳು ಬಂದ ಹುಡುಗಿಯ ಬಳಿ 80 ಪುಟಗಳ ಫೈಲ್ ಇತ್ತು. ನೋಡಿದರೆ, ಓದಲಾಗದಂತಿದ್ದದ್ದು ನಕ್ಷೆ, ಕೋಷ್ಟಕಗಳಿದ್ದ 12 ಪುಟ ಮಾತ್ರ. ಅವನ್ನಷ್ಟೇ ಪುಟಕ್ಕೆ 10 ರೂಪಾಯಿಯಂತೆ ಕಲರ್ ಪ್ರಿಂಟ್ ತೆಗೆದೆವು. ಉಳಿದ 68 ಪುಟ 2 ರೂಪಾಯಿಯಂತೆ ಕಪ್ಪು-ಬಿಳುಪಿನಲ್ಲಿ ಬಂತು. ಒಟ್ಟು 256 ರೂಪಾಯಿ. ವಾಟರ್‌ಮಾರ್ಕ್ ಇದ್ದಲ್ಲೇ ಇತ್ತು, ಅಕ್ಷರಗಳೂ ಸ್ಪಷ್ಟವಾಗಿದ್ದವು. ಸ್ವಂತ ಓದಿಗೆ ನ್ಯಾಯಯುತ ಬಳಕೆಯನ್ನು ಅದೇ ಕಾಯ್ದೆಯ 52ನೇ ಕಲಂ ಒಪ್ಪುತ್ತದೆ. ಆದರೂ ಪ್ರಿಂಟ್ ತೆಗೆಯುವ ಮುನ್ನ ಷರತ್ತು ಓದಿಕೊಳ್ಳಿ.

ಆಗಲೂ ಓದಲಾಗದಿದ್ದರೆ ಮಾರಿದವರನ್ನೇ ಕೇಳಬೇಕು. ‘ಆರ್ಡರ್ ನಂಬರ್ ಇಂಥದ್ದು, 31ನೇ ಪುಟದ ಕೋಷ್ಟಕ ವಾಟರ್‌ಮಾರ್ಕ್‌ನಿಂದ ಮುಚ್ಚಿದೆ, ತಿಳಿಯಾದ ಪ್ರತಿ ಅಥವಾ ಮುದ್ರಿತ ಪುಸ್ತಕ ಕಳುಹಿಸಿ’ ಎಂದು ಪುಟದ ಫೋಟೊ ಸಮೇತ ಇಮೇಲ್ ಮಾಡಿದರೆ ಸಾಕು. ದೃಷ್ಟಿದೋಷವಿರುವವರಿಗೆ ಓದಿಹೇಳುವ ಸಾಫ್ಟ್‌ವೇರ್ ವಾಕ್ಯದ ನಡುವೆ ವಾಟರ್‌ಮಾರ್ಕ್ ಪದಗಳನ್ನೂ ಓದಿಬಿಡಬಹುದು. ಅಂಥವರಿಗೆ ಅನುಕೂಲವಾದ ರೂಪದಲ್ಲಿ ಪ್ರತಿ ಮಾಡಲು 52ನೇ ಕಲಮೇ ಪ್ರತ್ಯೇಕ ಅವಕಾಶ ಕೊಟ್ಟಿದೆ.

ಇನ್ನು ದುಡ್ಡಿನ ಮಾತು. ಒಬ್ಬರು ಕೊಂಡು ನಾಲ್ವರು ಹಂಚಿಕೊಳ್ಳೋಣ ಎನ್ನುವವರು ಫೈಲ್ ಹಂಚುವ ಬದಲು ಗುಂಪು ಪರವಾನಗಿಯ ದರ ಕೇಳಬಹುದು. ಕಾಲೇಜಿನ ಗ್ರಂಥಪಾಲಕರಿಗೆ ಒಂದು ಪ್ರತಿ ತರಿಸಲು ಅರ್ಜಿ ಕೊಡಬಹುದು. ಕೊಳ್ಳುವ ಮೊದಲು ಪರಿವಿಡಿಯನ್ನೂ ನೋಡಿ. ಎನ್‌ಸಿಇಆರ್‌ಟಿ ಪಠ್ಯಪುಸ್ತಕ, ಯುಪಿಎಸ್‌ಸಿಯ ಹಳೆಯ ಪ್ರಶ್ನೆಪತ್ರಿಕೆ, ಕೇಂದ್ರದ ಆರ್ಥಿಕ ಸಮೀಕ್ಷೆಯ ಸಾರವೇ ಅದರಲ್ಲಿ ಹೆಚ್ಚಿದ್ದರೆ ಅವುಗಳ ಮೂಲ ಪ್ರತಿಗಳು ncert.nic.in, upsc.gov.in, indiabudget.gov.in ತಾಣಗಳಲ್ಲಿ ಉಚಿತವಾಗಿಯೇ ಸಿಗುತ್ತವೆ.